ಮೂರು ಪ್ಯಾಕೇಜ್ ಇಟ್ಟರೂ ಎಲ್ಲರೂ ಸಣ್ಣದನ್ನೇ ಕೇಳುತ್ತಾರೆ. ನಡುವಿನದು ಹೋಗುವಂತೆ ಹೇಗೆ ಜೋಡಿಸುವುದು?

ಹಾಸನದ ಹುಡುಗ

ಎಲ್ಲರಿಗೂ ನಮಸ್ಕಾರ. ನನ್ನದು ಮದುವೆ ಫೋಟೋಗ್ರಫಿ. ಸ್ಟುಡಿಯೋ ಇಲ್ಲ, ಬೇಕಾದವರನ್ನು ದಿನದ ಲೆಕ್ಕಕ್ಕೆ ಕರೆಸಿಕೊಳ್ಳುತ್ತೇನೆ. ಈಗಿರುವ ಮೂರು ಪ್ಯಾಕೇಜ್ ಹೀಗಿವೆ.

ಸಿಲ್ವರ್ 45,000: ರಿಸೆಪ್ಷನ್ ಮತ್ತು ಮುಹೂರ್ತ ಎರಡೂ, ನಾನು ಟ್ರೆಡಿಷನಲ್ ಫೋಟೋ, ಜೊತೆಗೆ ಒಬ್ಬರು ವಿಡಿಯೋ, 12x36 ಅಳತೆಯ 40 ಶೀಟ್ ಆಲ್ಬಂ.

ಗೋಲ್ಡ್ 85,000: ಮೇಲಿನದೆಲ್ಲ, ಜೊತೆಗೆ ಕ್ಯಾಂಡಿಡ್ ಫೋಟೋಗ್ರಾಫರ್, 50 ಶೀಟ್, ಒಂದು ಟೀಸರ್.

ಪ್ಲಾಟಿನಂ 1,60,000: ಗೋಲ್ಡ್‌ನಲ್ಲಿರುವುದೆಲ್ಲ, ಜೊತೆಗೆ ಸಿನಿಮ್ಯಾಟಿಕ್ ವಿಡಿಯೋ, ಡ್ರೋನ್, ಪ್ರಿ-ವೆಡ್ಡಿಂಗ್, ಎರಡು ದಿನ ಎಲ್‌ಇಡಿ ವಾಲ್.

ಹತ್ತು ಜನ ವಿಚಾರಿಸಿದರೆ ಏಳೆಂಟು ಜನ ಸಿಲ್ವರ್ ಅಂತಲೇ ಶುರು ಮಾಡುತ್ತಾರೆ. ಆಮೇಲೆ ‘ಅದಕ್ಕೇ ಸ್ವಲ್ಪ ಕ್ಯಾಂಡಿಡ್ ಸೇರಿಸಿಕೊಡಿ’ ಎಂದು ಚೌಕಾಸಿ. ಗೋಲ್ಡ್ ಹೋಗಬೇಕು ಅಂದರೆ ಏನು ಬದಲಿಸಬೇಕು?

ಕ್ಲಿಕ್ ಬಸವ

ಸಿಂಪಲ್ ಬ್ರೋ. ಮೇಲೆ 3 ಲಕ್ಷದ ಒಂದು ಡೈಮಂಡ್ ಹಾಕಿ. ಯಾರೂ ತಗೊಳ್ಳಲ್ಲ, ಆದರೆ ಅದರ ಪಕ್ಕ 85,000 ಅಗ್ಗ ಕಾಣುತ್ತೆ. ಇದಕ್ಕೆ ಡಿಕಾಯ್ ಅಂತಾರೆ. ಸಿನಿಮಾ ಮಂದಿರದ ಪಾಪ್‌ಕಾರ್ನ್ ಥರ.

ಲೆಕ್ಕದ ಪುಸ್ತಕ

ಬಸವ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಎರಡು ಬೇರೆ ಸಂಗತಿಗಳು ಅಲ್ಲಿ ಒಂದಾಗಿಬಿಟ್ಟಿವೆ.

ಡಿಕಾಯ್ ಅಂದರೆ ನಾವು ಮಾರಬೇಕೆಂದಿರುವುದರ ಪಕ್ಕದಲ್ಲೇ ಇಡುವ, ಅದರ ಮುಂದೆ ಸಪ್ಪೆಯಾಗಿ ಕಾಣುವ ಇನ್ನೊಂದು ಆಯ್ಕೆ. ಪಾಪ್‌ಕಾರ್ನ್‌ನ ನಡುವಿನ ಡಬ್ಬಿ ದೊಡ್ಡ ಡಬ್ಬಿಗಿಂತ ಇಪ್ಪತ್ತೇ ರೂಪಾಯಿ ಕಡಿಮೆ ಇರುತ್ತದಲ್ಲ, ಅದು. ಅಲ್ಲಿ ಜನರನ್ನು ತಳ್ಳುವುದು ದೊಡ್ಡದರ ಕಡೆಗೆ. ಹಾಸನದವರು ಕೇಳಿರುವುದು ನಡುವಿನದರ ಕಡೆಗೆ ತರುವುದನ್ನು. ಅದು ನಿಂತಿರುವುದು ‘ತೀರಾ ಕಡಿಮೆಯದೂ ಬೇಡ, ತೀರಾ ದುಬಾರಿಯದೂ ಬೇಡ’ ಎನ್ನುವ ಮನಸ್ಸಿನ ಮೇಲೆ.

ಇದರ ಹೆಸರಾದ ಪ್ರಯೋಗ ನಡೆದದ್ದೂ ಕ್ಯಾಮೆರಾಗಳ ಮೇಲೆಯೇ. ಇಟಮಾರ್ ಸೈಮನ್ಸನ್ ಮತ್ತು ಅಮೋಸ್ ಟ್ವರ್ಸ್ಕಿ 1992ರಲ್ಲಿ ಪ್ರಕಟಿಸಿದ್ದು. ಎರಡೇ ಮಿನೋಲ್ಟಾ ಕ್ಯಾಮೆರಾ ತೋರಿಸಿದಾಗ, ಸುಮಾರು 170 ಡಾಲರಿನದನ್ನು ಅರ್ಧ ಜನ, 240 ಡಾಲರಿನದನ್ನು ಅರ್ಧ ಜನ ಆರಿಸಿದರು. 470 ಡಾಲರಿನ ಮೂರನೆಯದನ್ನು ಸೇರಿಸಿದ ಮೇಲೆ ನಡುವಿನದಕ್ಕೆ 57 ಶೇಕಡಾ ಬಂತು, ಅಗ್ಗದ್ದು 22ಕ್ಕೆ ಇಳಿಯಿತು. ಇದರಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ದುಬಾರಿಯದನ್ನೂ 21 ಶೇಕಡಾ ಜನ ಆರಿಸಿದರು. ಅದು ಬೊಂಬೆಯಲ್ಲ, ಕೊಳ್ಳಬಹುದಾದ ನಿಜವಾದ ಕ್ಯಾಮೆರಾ. 3 ಲಕ್ಷದ ಪ್ಯಾಕೇಜ್ ನಿಮ್ಮ ಊರಿನ ಕುಟುಂಬಕ್ಕೆ ‘ಇದು ನಮಗಲ್ಲ’ ಅನ್ನಿಸಿದರೆ ಅವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಗ ಅವರ ಮುಂದೆ ಉಳಿಯುವುದು ಮೊದಲಿನ ಆಯ್ಕೆಗಳೇ. ಯಾರೋ ಒಬ್ಬರು ನಿಜಕ್ಕೂ ‘ಆಯ್ತು, ಮಾಡಿ’ ಅಂದರೆ ಅದನ್ನು ಮಾಡಿಕೊಡುವ ತಯಾರಿಯೂ ನಿಮಗಿರಬೇಕು.

ಪ್ರಯೋಗದಲ್ಲಿ ಒಬ್ಬೊಬ್ಬರೇ ಕೂತು ಆರಿಸಿದ್ದಾರೆ, ಚೌಕಾಸಿ ಇಲ್ಲ. ನಮ್ಮಲ್ಲಿ ಆರಿಸುವವರು ಹುಡುಗಿ, ದುಡ್ಡು ಕೊಡುವವರು ತಂದೆ, ಕೊನೆಗೆ ಮಾತಾಡುವವರು ಸೋದರಮಾವ. ಹಾಗಾಗಿ ಆ 57ನ್ನು ಯಾರೂ ನಂಬಿಕೊಂಡು ಕೂರಬೇಡಿ, ದಿಕ್ಕು ಮಾತ್ರ ನೋಡಿ.

ಹಾಸನದವರೇ, ಬೆಲೆ ಮುಟ್ಟುವ ಮುಂಚೆ ನಿಮ್ಮ ಖರ್ಚು ಹಾಕಿ. ಒಂದೊಂದರಲ್ಲಿ ಕೈಯಲ್ಲಿ ಏನು ಉಳಿಯುತ್ತದೆ ಗೊತ್ತಾಗದೆ ಯಾವುದನ್ನು ಮಾರಬೇಕು ಅಂತ ಹೇಳಲಾಗದು.

ಹಾಸನದ ಹುಡುಗ

ಸರಿ ಸರ್. ವಿಡಿಯೋದವರಿಗೆ ದಿನಕ್ಕೆ 4,000, ಟ್ರೆಡಿಷನಲ್ ಫೋಟೋ ಹುಡುಗರನ್ನು ಕರೆದರೂ ಅಷ್ಟೇ. ಕ್ಯಾಂಡಿಡ್‌ನವರಿಗೆ 10,000, ಸಿನಿಮ್ಯಾಟಿಕ್‌ಗೆ 12,000. ಶೀಟ್ ಪ್ರಿಂಟ್ 120, ಡಿಸೈನ್ 60, ಪ್ಯಾಡ್ ಮತ್ತು ಬಾಕ್ಸ್ 2,500. ಮಾಮೂಲಿ ವಿಡಿಯೋ ಎಡಿಟಿಂಗ್ 5,000, ಟೀಸರ್ 4,000, ಸಿನಿಮ್ಯಾಟಿಕ್ ಎಡಿಟಿಂಗ್ 15,000. ಡ್ರೋನ್ 8,000, ಪ್ರಿ-ವೆಡ್ಡಿಂಗ್‌ಗೆ ಓಡಾಟ, ಜನ ಎಲ್ಲ ಸೇರಿ 15,000, ಎಲ್‌ಇಡಿ ವಾಲ್ ದಿನಕ್ಕೆ 12,000. ಗಾಡಿ ಖರ್ಚು 2,000, ಪೆನ್‌ಡ್ರೈವ್ 800.

ಶಟರ್ ಮಂಜು

ಪ್ಯಾಕೇಜ್ ಅಂದ್ರೆ ನಾನು ಲೈಟ್‌ರೂಮ್ ಪ್ರಿಸೆಟ್ ಪ್ಯಾಕೇಜ್ ಅನ್ಕೊಂಡು ಬಂದೆ. ಯಾರಾದ್ರೂ ಹಳದಿ ಲೈಟ್ ಇರೋ ಕಲ್ಯಾಣ ಮಂಟಪಕ್ಕೆ ಒಳ್ಳೇ ಪ್ರಿಸೆಟ್ ಹೇಳಿ.

ಲೆಕ್ಕದ ಪುಸ್ತಕ

ಮಂಜು ಅವರೇ, ಅದಕ್ಕೆ ಎಡಿಟಿಂಗ್ ವಿಭಾಗದಲ್ಲಿ ಬೇರೆ ಎಳೆ ಶುರು ಮಾಡಿ. ಮಂಟಪದ ಲೈಟಿಗೆ ಪ್ರಿಸೆಟ್‌ಗಿಂತ ವೈಟ್ ಬ್ಯಾಲೆನ್ಸನ್ನು ಅಲ್ಲೇ ಸರಿಮಾಡಿಕೊಳ್ಳುವುದು ಮುಖ್ಯ.

ಈಗ ಲೆಕ್ಕ. ಸಿಲ್ವರ್‌ಗೆ ಕೈಯಿಂದ ಹೋಗುವುದು 25,500, ಉಳಿಯುವುದು 19,500. ಗೋಲ್ಡ್‌ಗೆ ಖರ್ಚು 51,300, ಉಳಿಯುವುದು 33,700. ಪ್ಲಾಟಿನಂಗೆ ಖರ್ಚು 1,37,300, ಉಳಿಯುವುದು 22,700.

ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ಪ್ಲಾಟಿನಂ ಮಾರಿದರೆ ಗೋಲ್ಡ್‌ಗಿಂತ 11,000 ಕಡಿಮೆ ಸಿಗುತ್ತದೆ. ಪ್ರಿ-ವೆಡ್ಡಿಂಗ್ ಇರುವುದರಿಂದ ಕೆಲಸದ ದಿನಗಳು ಹೆಚ್ಚು, ಎಲ್‌ಇಡಿ ವಾಲ್ ಕೆಟ್ಟರೆ ಬೈಸಿಕೊಳ್ಳುವವರೂ ನೀವೇ. 24,000 ರೂಪಾಯಿ ವಾಲ್‌ನವರ ದುಡ್ಡು, ನಿಮ್ಮ ಕೈಮೇಲೆ ಹಾದುಹೋಗುತ್ತದೆ ಅಷ್ಟೆ. ಅದನ್ನು ಪ್ಯಾಕೇಜ್‌ನಿಂದ ತೆಗೆದು, ಬೇಕಾದವರು ನೇರವಾಗಿ ಮಾತಾಡಿಕೊಳ್ಳಲಿ ಎಂದು ನಂಬರ್ ಕೊಟ್ಟುಬಿಡಿ.

ಇನ್ನು ಗೋಲ್ಡ್ ಯಾಕೆ ಹೋಗುತ್ತಿಲ್ಲ. ಮದುವೆ ಮನೆಯವರ ಕಣ್ಣಲ್ಲಿ ನೋಡಿ. ರಿಸೆಪ್ಷನ್ ಆಯಿತು, ಮುಹೂರ್ತ ಆಯಿತು, ವಿಡಿಯೋ ಆಯಿತು, ಆಲ್ಬಂ ಬಂತು. ಅಂದರೆ ಸಿಲ್ವರ್‌ನಲ್ಲೇ ಅವರ ಮದುವೆ ಪೂರ್ತಿಯಾಗಿದೆ. ಮೇಲಿನ 40,000ಕ್ಕೆ ಸಿಗುವುದು ‘ಕ್ಯಾಂಡಿಡ್’ ಎಂಬ ಒಂದು ಪದ, ಹತ್ತು ಶೀಟ್, ಒಂದು ಸಣ್ಣ ವಿಡಿಯೋ. ತಂದೆಯಾದವರಿಗೆ ಅದು ಹೆಚ್ಚುವರಿ ಅಲಂಕಾರದಂತೆ ಕಾಣುತ್ತದೆ. ಅದಕ್ಕೇ ‘ಸ್ವಲ್ಪ ಸೇರಿಸಿಕೊಡಿ’ ಅಂತಾರೆ. ತಪ್ಪು ಗೋಲ್ಡ್‌ನಲ್ಲಿಲ್ಲ, ಸಿಲ್ವರ್ ಮತ್ತು ಗೋಲ್ಡ್ ನಡುವಿನ ಗೆರೆ ಎಳೆದ ಜಾಗದಲ್ಲಿದೆ.

ಕ್ಲಿಕ್ ಬಸವ

ಹಾಗಾದರೆ ಸಿಲ್ವರ್‌ನ ಕ್ವಾಲಿಟಿ ಕಡಿಮೆ ಮಾಡೋದಾ? ಎಡಿಟ್ ಮಾಡದ ಫೋಟೋ ಕೊಡೋದು, ತೆಳು ಶೀಟ್ ಹಾಕೋದು?

ಆಲ್ಬಂ ಡಿಸೈನರ್ ಅಕ್ಕ

ಬೇಡಪ್ಪ, ಅದನ್ನು ಮಾತ್ರ ಮಾಡಬೇಡ. ಆಲ್ಬಂ ಮೇಲೆ ಪ್ಯಾಕೇಜ್ ಹೆಸರು ಇರುವುದಿಲ್ಲ, ನಿನ್ನ ಹೆಸರು ಇರುತ್ತದೆ. ನೆಂಟರ ಮನೆಯ ಟೀಪಾಯಿ ಮೇಲೆ ಹತ್ತು ವರ್ಷ ಕೂರುವ ವಸ್ತು ಅದು. ಕಳಪೆ ಲ್ಯಾಮಿನೇಷನ್‌ನ ಶೀಟ್ ಒಂದೆರಡು ಮಳೆಗಾಲ ಕಳೆಯುವುದರೊಳಗೆ ಅಂಚಿನಲ್ಲಿ ಬಿಡಲು ಶುರುವಾಗುತ್ತದೆ. ಸಣ್ಣ ಪ್ಯಾಕೇಜ್‌ನಲ್ಲಿ ವಸ್ತು ಕಡಿಮೆ ಇರಲಿ, ಕೊಟ್ಟ ವಸ್ತು ಒಂದೇ ದರ್ಜೆಯದಾಗಿರಲಿ.

ನನ್ನ ಕೆಲಸದ ಕಡೆಯಿಂದ ಒಂದು ಮಾತು. ನಡುವಿನದಕ್ಕೆ ಏನು ಸೇರಿಸಬೇಕು ಅಂತ ಯೋಚಿಸುವಾಗ ನಕಲು ಆಲ್ಬಂ ಮರೆಯಬೇಡಿ. ಮದುವೆ ಅಂದರೆ ಎರಡು ಮನೆ. ದೊಡ್ಡ ಆಲ್ಬಂ ಗಂಡನ ಮನೆಗೆ ಹೋಗುತ್ತದೆ, ಹೆಣ್ಣಿನ ತಾಯಿಯ ಹತ್ತಿರ ಫೋನಿನ ಫೋಟೋ ಬಿಟ್ಟರೆ ಏನೂ ಉಳಿಯುವುದಿಲ್ಲ. ಡಿಸೈನ್ ಒಂದು ಸಲ ಆಗಿರುವುದರಿಂದ ಅದೇ ಫೈಲನ್ನು ಚಿಕ್ಕ ಅಳತೆಯಲ್ಲಿ ಪ್ರಿಂಟ್ ಹಾಕಿಸಿದರೆ ಸಾಕು, ಡಿಸೈನ್ ಕೂಲಿ ಮತ್ತೆ ಬೀಳುವುದಿಲ್ಲ. ಹಾಸನದ ದರದಲ್ಲಿ 3,000ದ ಒಳಗೆ ಮುಗಿಯಬೇಕು. ಒಂದು ಎಚ್ಚರಿಕೆ: ಉದ್ದ ಅಗಲದ ಅನುಪಾತ ಒಂದೇ ಇರಬೇಕು. 12x36ಕ್ಕೆ 8x24 ಸರಿಹೋಗುತ್ತದೆ. 8x12 ಅಂದರೆ ಮತ್ತೆ ಮೊದಲಿಂದ ಡಿಸೈನ್.

ದುಡ್ಡು ಕೊಡುವವರು ಬಹಳ ಸಲ ಹೆಣ್ಣಿನ ಕಡೆಯವರೇ. ಹಾಗಾಗಿ ಕ್ಯಾಂಡಿಡ್ ಅಂದರೆ ಏನು ಎಂದು ಅವರಿಗೆ ಬಿಡಿಸಿ ಹೇಳುವುದಕ್ಕಿಂತ ‘ನಿಮ್ಮ ಮನೆಗೂ ಒಂದು ಆಲ್ಬಂ’ ಎಂಬುದು ಬೇಗ ಮುಟ್ಟುತ್ತದೆ.

ಲೆಕ್ಕದ ಪುಸ್ತಕ

ಅಕ್ಕ ಹೇಳಿದ್ದು ಸರಿಯಾದ ಗೆರೆ. ಕೊಡುವವನಿಗೆ ಕಡಿಮೆ ಖರ್ಚು, ಪಡೆಯುವವರ ಕಣ್ಣಲ್ಲಿ ದೊಡ್ಡ ಮೌಲ್ಯ. ಅಂಥವನ್ನೇ ನಡುವಿನದರಲ್ಲಿ ಇಡಬೇಕು.

ನಾನು ಜೋಡಿಸುವುದಾದರೆ ಹೀಗೆ. ಲೋಹದ ಹೆಸರುಗಳು ಬೇಡ. ಸಿಲ್ವರ್ ಅಂದಕೂಡಲೇ ಮೇಲೆ ಕೆಳಗೆ ಎಂಬ ಮೆಟ್ಟಿಲು ಕಾಣುತ್ತದೆ, ಯಾರಿಗೆ ಯಾವುದು ಅಂತ ಗೊತ್ತಾಗುವುದಿಲ್ಲ.

ಮೊದಲನೆಯದು ‘ಧಾರೆ’, 38,000. ಮುಹೂರ್ತದ ದಿನ ಮಾತ್ರ, ಬೆಳಿಗ್ಗೆಯಿಂದ ಊಟದವರೆಗೆ. ನೀವು ಮತ್ತು ವಿಡಿಯೋದವರು, 30 ಶೀಟ್. ಖರ್ಚು 19,700 ಬರುತ್ತದೆ, ಉಳಿಯುವುದು 18,300. ಒಂದು ದಿನದ ಕೆಲಸ ಕಡಿಮೆಯಾಗಿಯೂ ಸಿಲ್ವರ್‌ಗಿಂತ 1,200 ಮಾತ್ರ ಕಡಿಮೆ. ದೇವಸ್ಥಾನದಲ್ಲಿ ಸರಳವಾಗಿ ಮದುವೆ ಮಾಡುವವರಿಗೆ ಇದು ಏನೂ ಕೊರತೆಯಿಲ್ಲದ ಪ್ಯಾಕೇಜ್. ಎರಡು ದಿನದ ಮದುವೆಯವರಿಗೆ ಮಾತ್ರ ಸಾಲದು, ಮತ್ತು ಅದು ಅವರಿಗೇ ಗೊತ್ತಾಗುತ್ತದೆ.

ಎರಡನೆಯದು ‘ಎರಡು ದಿನದ ಮದುವೆ’, 82,000. ರಿಸೆಪ್ಷನ್, ಮುಹೂರ್ತ, ಕ್ಯಾಂಡಿಡ್, 50 ಶೀಟ್, ಹೆಣ್ಣಿನ ಮನೆಗೆ ನಕಲು ಆಲ್ಬಂ, ಟೀಸರ್. ಇಲ್ಲಿ ಒಂದು ಬದಲಾವಣೆ ಮಾಡಿ. ಕ್ಯಾಂಡಿಡ್ ನೀವೇ ತೆಗೆಯಿರಿ, ಟ್ರೆಡಿಷನಲ್‌ಗೆ 4,000ದ ಹುಡುಗನನ್ನು ನಿಲ್ಲಿಸಿ. ಎರಡು ದಿನಕ್ಕೆ 20,000 ಹೋಗುತ್ತಿದ್ದ ಜಾಗದಲ್ಲಿ 8,000 ಹೋಗುತ್ತದೆ. ಒಟ್ಟು ಖರ್ಚು 42,300, ಉಳಿಯುವುದು 39,700.

ಮೂರನೆಯದು ‘ಚಪ್ಪರದಿಂದ ಬೀಗರೂಟದವರೆಗೆ’, 1,75,000. ಎರಡನೆಯದರ ಮೇಲೆ ಸಿನಿಮ್ಯಾಟಿಕ್, ಡ್ರೋನ್, ಪ್ರಿ-ವೆಡ್ಡಿಂಗ್, ಚಪ್ಪರದ ದಿನ ಮತ್ತು ಬೀಗರೂಟ. ಆ ಎರಡು ಅರ್ಧ ದಿನಗಳಿಗೆ ಇಬ್ಬರಿಗೆ ಸೇರಿ 8,000 ಹಿಡಿದರೆ ಖರ್ಚು 1,12,300, ಉಳಿಯುವುದು 62,700. ಈಗ ಯಾರಾದರೂ ಇದನ್ನೇ ಆರಿಸಿದರೆ ಸಂತೋಷವಾಗಿ ಮಾಡಬಹುದು.

ತುಂಗಾತೀರ

ಲೆಕ್ಕ ಚೆನ್ನಾಗಿದೆ ಸರ್, ಒಂದು ಕಡೆ ಎಡವುತ್ತದೆ. ಟ್ರೆಡಿಷನಲ್ ಕೆಲಸ ಹುಡುಗನಿಗೆ ಬಿಟ್ಟು ಮುಖ್ಯ ಫೋಟೋಗ್ರಾಫರ್ ಕ್ಯಾಂಡಿಡ್‌ಗೆ ಹೋದರೆ ಜಗಳ ಬರುವುದು ಟ್ರೆಡಿಷನಲ್‌ನಲ್ಲೇ. ಧಾರೆ ಎರೆಯುವಾಗ ಸೋದರಮಾವನ ಕೈ ಫ್ರೇಮಿನಲ್ಲಿಲ್ಲ, ದೊಡ್ಡಪ್ಪನ ಕುಟುಂಬದ ಗ್ರೂಪ್ ಫೋಟೋ ಬಿಟ್ಟುಹೋಗಿದೆ ಅಂದರೆ ನೂರು ಕ್ಯಾಂಡಿಡ್ ಚೆನ್ನಾಗಿದ್ದರೂ ಬಾಕಿ ಹಣ ಬರುವುದಿಲ್ಲ. ಆ ಹುಡುಗನ ಕೈಗೆ ಶಾಸ್ತ್ರಗಳ ಪಟ್ಟಿ ಮತ್ತು ಗ್ರೂಪ್‌ಗಳ ಪಟ್ಟಿ ಬರೆದು ಕೊಡಬೇಕು. ಪಟ್ಟಿಯನ್ನು ಮನೆಯವರಿಂದಲೇ ಹಿಂದಿನ ದಿನ ಬರೆಸಿಕೊಳ್ಳಿ. ಮನೆಯವರ ಪೈಕಿ ಒಬ್ಬರನ್ನು ಸ್ಟೇಜ್ ಪಕ್ಕ ನಿಲ್ಲಿಸಿ, ಹೆಸರು ಕರೆಯಲು. ತಾಳಿ ಕಟ್ಟುವ ಮತ್ತು ಧಾರೆಯ ಹೊತ್ತಿನಲ್ಲಿ ಕ್ಯಾಂಡಿಡ್ ಬಿಟ್ಟು ನೀವೂ ಎದುರಿನಿಂದ ಒಂದು ಸುರಕ್ಷಿತ ಫ್ರೇಮ್ ಹಿಡಿಯಿರಿ.

ಇನ್ನೊಂದು, ಬೀಗರೂಟ ಎಲ್ಲರ ಮನೆಯಲ್ಲೂ ಇಲ್ಲ. ಸಸ್ಯಾಹಾರಿ ಮನೆಗಳಿಗೆ ಆ ಹೆಸರಿನ ಕೊಟೇಷನ್ ಕಳಿಸಿದರೆ ಮುಖ ಸಿಂಡರಿಸುತ್ತಾರೆ. ಅವರಿಗೆ ‘ಚಪ್ಪರದಿಂದ ಸತ್ಯನಾರಾಯಣ ಪೂಜೆವರೆಗೆ’ ಅಂತ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ಧಾರವಾಡ ಪೇಟೆ

ನಮ್ಮ ಕಡೆ ಮದ್ವಿ ಹಿಂಗ ನಡಿಯೂದಿಲ್ರಿ. ಮುಂಜಾನೆ ಅರಿಷಿಣ, ಸುರಗಿ, ಮಧ್ಯಾಹ್ನ ಹನ್ನೆರಡೂವರಿಗೆ ಅಕ್ಷತಿ, ಊಟ, ಮುಗೀತು. ರಿಸೆಪ್ಷನ್ ಮಾಡೋರು ಈಗೀಗ ಹೆಚ್ಚಾಗ್ಯಾರ, ಆದ್ರ ಎಲ್ಲಾರೂ ಅಲ್ಲ. ಒಂದ ದಿನದಾಗ ಎಲ್ಲಾ ಮುಗಿಯೂ ಮದ್ವಿಗೆ ದಿನದ ಮ್ಯಾಲೆ ಗೆರೆ ಎಳದ್ರ ಎಲ್ಲಾರೂ ಸಣ್ಣದಕ್ಕ ಬರ್ತಾರ. ಅಂಥಲ್ಲಿ ಏನ್ ಮಾಡೂದು?

ಲೆಕ್ಕದ ಪುಸ್ತಕ

ನಿಮ್ಮ ಮಾತು ಸರಿ. ಗೆರೆ ದಿನದ ಮೇಲೇ ಇರಬೇಕು ಅಂತ ಏನಿಲ್ಲ, ಆ ಊರಿನ ಹೆಚ್ಚಿನ ಮನೆಯವರು ಬಿಟ್ಟುಕೊಡಲು ಒಪ್ಪದ ಸಂಗತಿಯ ಮೇಲೆ ಇರಬೇಕು. ನಿಮ್ಮಲ್ಲಿ ಅದು ಅರಿಷಿಣ ಇರಬಹುದು. ಸಣ್ಣದು ಅಕ್ಷತೆಯ ಒಂದು ಗಂಟೆ ಮುಂಚೆ ಶುರುವಾಗಲಿ, ನಡುವಿನದು ಮುಂಜಾನೆ ಅರಿಷಿಣದಿಂದ. ಇದು ನನ್ನ ಊಹೆ, ಅಲ್ಲಿ ಕೆಲಸ ಮಾಡುವ ನೀವೇ ಹೇಳಬೇಕು.

ಧಾರವಾಡ ಪೇಟೆ

ಅರಿಷಿಣ ಬಿಟ್ಟು ಬರ್ರಿ ಅಂತ ಯಾರೂ ಅನ್ನೂದಿಲ್ಲ, ಅಷ್ಟು ಖರೆ. ಆದ್ರ ಅದು ಭಾಳ ಸಲ ಮನ್ಯಾಗ ಇರತೈತಿ, ಅಕ್ಷತಿ ಮಂಟಪದಾಗ. ಓಡಾಡೂ ಲೆಕ್ಕಾನೂ ಹಿಡೀಬೇಕು. ಮುಂದಿನ ನಾಕ್ ಕೊಟೇಷನ್‌ನ್ಯಾಗ ಹಾಕಿ ನೋಡ್ತೀನ್ರಿ.

ಹಾಸನದ ಹುಡುಗ

ಸರ್, ಈ ಹೊಸ ಪಟ್ಟಿ ಕೊಟ್ಟರೂ ‘ಧಾರೆ ಪ್ಯಾಕೇಜ್‌ಗೇ ರಿಸೆಪ್ಷನ್ ಒಂದು ಸೇರಿಸಿ’ ಅಂತಾರಲ್ಲ? ಅಲ್ಲಿಗೆ ಮತ್ತೆ ಹಳೇ ಕಥೆ.

ಲೆಕ್ಕದ ಪುಸ್ತಕ

ಖಂಡಿತ ಅಂತಾರೆ. ಎಷ್ಟೋ ಜನರ ಮೂರು ಪ್ಯಾಕೇಜ್ ಕುಸಿಯುವುದು ಇಲ್ಲೇ. ಬಿಡಿಬಿಡಿಯಾಗಿ ಸೇರಿಸುವ ದರ ಮೊದಲೇ ಬರೆದಿಟ್ಟುಕೊಂಡಿರದಿದ್ದರೆ ಫೋನಿನಲ್ಲಿ ‘ಆಯ್ತು, ಹತ್ತು ಸಾವಿರ ಸೇರಿಸಿ’ ಅಂದುಬಿಡುತ್ತೀರಿ. ಆ ಕ್ಷಣಕ್ಕೆ ನಡುವಿನದು ಸತ್ತಿತು.

ನಿಯಮ ಒಂದೇ. ಸಣ್ಣದಕ್ಕೆ ಬಿಡಿಯಾಗಿ ಎಲ್ಲವನ್ನೂ ಸೇರಿಸಿದರೆ ಬರುವ ಮೊತ್ತ, ನಡುವಿನದಕ್ಕೆ ಹತ್ತುವ ಮೆಟ್ಟಿಲಿಗಿಂತ ಸ್ಪಷ್ಟವಾಗಿ ಹೆಚ್ಚಿರಬೇಕು. ಇಲ್ಲಿ ಮೆಟ್ಟಿಲು 82,000ದಲ್ಲಿ 38,000 ಕಳೆದರೆ 44,000. ಬಿಡಿ ದರ ಹೀಗಿಡಿ: ರಿಸೆಪ್ಷನ್ 22,000, ಕ್ಯಾಂಡಿಡ್ 24,000, ನಕಲು ಆಲ್ಬಂ 5,000, ಟೀಸರ್ 6,000. ಒಟ್ಟು 57,000, ಹೆಚ್ಚಿನ ಇಪ್ಪತ್ತು ಶೀಟ್ ಲೆಕ್ಕಕ್ಕೆ ಹಿಡಿಯದೆಯೇ. ಈಗ ರಿಸೆಪ್ಷನ್ ಒಂದನ್ನು ಸೇರಿಸಿದವರು 60,000ಕ್ಕೆ ಬಂದು ನಿಲ್ಲುತ್ತಾರೆ. ಅಲ್ಲಿಂದ ನಡುವಿನದಕ್ಕೆ 22,000 ಮಾತ್ರ ಅಂತರ, ಅದಕ್ಕೆ ಕ್ಯಾಂಡಿಡ್, ಟೀಸರ್, ಅಮ್ಮನ ಮನೆಯ ಆಲ್ಬಂ ಎಲ್ಲ ಬರುತ್ತದೆ. ನೀವು ಒತ್ತಾಯ ಮಾಡಬೇಕಾಗಿಲ್ಲ, ಎರಡೂ ಮೊತ್ತಗಳನ್ನು ಪಕ್ಕಪಕ್ಕ ಬರೆದು ಕಳಿಸಿ. ಕೆಲವರು 60,000ದಲ್ಲೇ ನಿಲ್ಲುತ್ತಾರೆ. ಆಗಲೂ ನಿಮಗೆ ನಷ್ಟವಿಲ್ಲ, ಹಳೆಯ ಸಿಲ್ವರ್‌ನ ಕೆಲಸಕ್ಕೆ 15,000 ಹೆಚ್ಚು ಬಂದಂತೆ.

82,000ದಲ್ಲಿ ‘ಕೊನೆಗೆ ಎಷ್ಟಕ್ಕೆ ಮಾಡ್ತೀರಿ’ ಅಂದರೆ ಬೆಲೆ ಇಳಿಸಬೇಡಿ, ವಸ್ತು ಇಳಿಸಿ. ಹತ್ತು ಶೀಟ್ ತೆಗೆದರೆ 3,000 ಕಡಿಮೆ, ಟೀಸರ್ ತೆಗೆದರೆ 4,000 ಕಡಿಮೆ. ನಕಲು ಆಲ್ಬಂ ಮಾತ್ರ ತೆಗೆಯಬೇಡಿ, ಅದು ಹೋದರೆ ಹೆಣ್ಣಿನ ಮನೆಯವರನ್ನು ಹಿಡಿದಿಟ್ಟಿದ್ದ ದಾರವೇ ಹೋಗುತ್ತದೆ.

ತುಂಗಾತೀರ

38ರಿಂದ 82ಕ್ಕೆ ಜಿಗಿತ ದೊಡ್ಡದಾಯಿತು ಅನ್ನಿಸುತ್ತದೆ. 55,000 ಇಟ್ಟುಕೊಂಡು ಎರಡು ದಿನದ ಮದುವೆ ಮಾಡುವವರು ನಮ್ಮ ಕಡೆ ಬಹಳ. ಅವರು ಪಟ್ಟಿ ನೋಡಿ ಫೋನೇ ಮಾಡುವುದಿಲ್ಲ. ಸಣ್ಣದರಲ್ಲೇ ಎರಡು ದಿನ ಇಟ್ಟು, 52,000 ಮಾಡಿ, ವಿಡಿಯೋ ಮಾತ್ರ ಮುಹೂರ್ತಕ್ಕೆ ಸೀಮಿತ ಮಾಡಿದರೆ?

ಲೆಕ್ಕದ ಪುಸ್ತಕ

ಆಗ ನಡುವಿನದಕ್ಕೆ ಹತ್ತುವ ಕಾರಣ ಮತ್ತೆ ತೆಳುವಾಗುತ್ತದೆ ಎಂಬುದು ನನ್ನ ಅಳುಕು. ಆದರೆ ಫೋನೇ ಮಾಡದವರನ್ನು ಎಣಿಸಲು ನನ್ನ ಹತ್ತಿರ ದಾರಿಯಿಲ್ಲ, ನಿಮ್ಮ ಮಾತನ್ನು ತಳ್ಳಿಹಾಕಲಾರೆ. ಸೀಸನ್ ಅರ್ಧ ಒಂದು ಪಟ್ಟಿ, ಇನ್ನರ್ಧ ಇನ್ನೊಂದು ಪಟ್ಟಿ ಕೊಟ್ಟು ನೋಡುವುದೇ ಸರಿ. ಆಷಾಢ ಮತ್ತು ಧನುರ್ಮಾಸದ ವಿಚಾರಣೆಗಳನ್ನು ಆ ಎಣಿಕೆಗೆ ಸೇರಿಸಬೇಡಿ, ಆಗ ಮದುವೆಗಳೇ ಕಡಿಮೆ.

ಪುಟ್ಟಿ ಪಾದ

ನಾನು ನಾಮಕರಣ ಮತ್ತು ಮಕ್ಕಳ ಫೋಟೋ ಮಾತ್ರ ತೆಗೆಯೋದು. ಮೂರು ಗಂಟೆಯ ಕೆಲಸ, ಒಬ್ಬಳೇ. 8,000, 12,000, 20,000 ಅಂತ ಇಟ್ಟಿದ್ದೇನೆ, ಎಲ್ಲರೂ 8,000. ದಿನ ಇಲ್ಲ, ಜನ ಇಲ್ಲ, ನಾನು ಎಲ್ಲಿ ಗೆರೆ ಎಳೆಯಲಿ?

ಆಲ್ಬಂ ಡಿಸೈನರ್ ಅಕ್ಕ

8,000ಕ್ಕೆ ತೆಗೆದ ಫೋಟೋ ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಕೊಡುತ್ತೀರಾ?

ಪುಟ್ಟಿ ಪಾದ

ಹೌದು ಅಕ್ಕ, ಎಲ್ಲ.

ಆಲ್ಬಂ ಡಿಸೈನರ್ ಅಕ್ಕ

ಅಲ್ಲೇ ಇರುವುದು. ಎಲ್ಲ ಫೋಟೋ ಕೈಗೆ ಬಂದಮೇಲೆ 12,000ಕ್ಕೆ ಅವರಿಗೆ ಏನು ಉಳಿಯಿತು? ಸಣ್ಣದಕ್ಕೆ ನೀವೇ ಆರಿಸಿ ತಿದ್ದಿದ 40 ಫೋಟೋ. ನಡುವಿನದಕ್ಕೆ ತಿದ್ದಿದ ಅಷ್ಟೂ ಫೋಟೋ ಮತ್ತು 20 ಶೀಟಿನ ಚಿಕ್ಕ ಆಲ್ಬಂ, ಅಜ್ಜಿಯ ಮನೆಗೆ ಒಂದು ಫ್ರೇಮ್. 12,000ವನ್ನು 14,000 ಮಾಡಬೇಕಾಗಬಹುದು, ಆಲ್ಬಂ ಖರ್ಚು ನೋಡಿಕೊಳ್ಳಿ.

ಕ್ಲಿಕ್ ಬಸವ

ನಡುವಿನದರ ಮೇಲೆ ‘ಹೆಚ್ಚು ಜನರ ಆಯ್ಕೆ’ ಅಂತ ಬರೆಯಬಹುದಲ್ವಾ?

ತುಂಗಾತೀರ

ನಿಜವಾದ ಮೇಲೆ ಬರೆಯಿರಿ. ಒಂದೇ ಬಡಾವಣೆಯ ಮೂರು ಮನೆಗೆ ನೀವೇ ಫೋಟೋ ತೆಗೆದಿರುತ್ತೀರಿ, ಅವರು ಪರಸ್ಪರ ಕೇಳುತ್ತಾರೆ. ಅಲ್ಲಿಯವರೆಗೆ ‘ಎರಡು ದಿನದ ಮದುವೆಗೆ ಇದು’ ಅಂತ ಬರೆದರೆ ಸಾಕು, ಅದು ನಿಜವೂ ಹೌದು.

ಕಳಿಸುವ ರೀತಿಯೂ ಮುಖ್ಯ. ನೀವು ಕಂಪ್ಯೂಟರಿನಲ್ಲಿ ಮೂರು ಕಾಲಂ ಮಾಡಿ ಪಿಡಿಎಫ್ ಕಳಿಸುತ್ತೀರಿ, ಅವರು ವಾಟ್ಸ್ಆ್ಯಪ್‌ನಲ್ಲಿ ಫೋನ್ ಹಿಡಿದು ನೋಡುತ್ತಾರೆ. ಅಕ್ಷರ ಕಾಣದೆ ಕೆಳಗಿನ ಮೂರು ಬೆಲೆ ಮಾತ್ರ ಓದುತ್ತಾರೆ. ಬೆಲೆ ಮಾತ್ರ ಓದಿದವರು ಕಡಿಮೆಯದನ್ನೇ ಹಿಡಿಯುತ್ತಾರೆ. ಉದ್ದಕ್ಕೆ ಒಂದೇ ಚಿತ್ರ ಮಾಡಿ, ಪ್ಯಾಕೇಜ್‌ಗಳು ಒಂದರ ಕೆಳಗೆ ಒಂದು, ಒಂದೊಂದಕ್ಕೂ ಐದು ಸಾಲಿಗಿಂತ ಹೆಚ್ಚು ಬೇಡ. ದೊಡ್ಡದು ಮೇಲೆ, ಸಣ್ಣದು ಕೊನೆಗೆ. ಜಿಎಸ್‌ಟಿ ನೋಂದಣಿ ಇದ್ದವರು ಅದು ಸೇರಿದೆಯೋ ಇಲ್ಲವೋ ಬೆಲೆಯ ಪಕ್ಕದಲ್ಲೇ ಬರೆಯಿರಿ. ಅಡ್ವಾನ್ಸ್ ಕೊಡುವ ಹೊತ್ತಿಗೆ 18 ಶೇಕಡಾ ಹೇಳಿದರೆ ನಡುವಿನದಕ್ಕೆ ಒಪ್ಪಿದವರು ಸಣ್ಣದಕ್ಕೆ ಇಳಿಯುತ್ತಾರೆ.

ಹಾಸನದ ಹುಡುಗ

ಎಲ್ಲರಿಗೂ ಧನ್ಯವಾದ. ಎಲ್‌ಇಡಿ ವಾಲ್ ಇವತ್ತೇ ತೆಗೆದೆ. ಬಿಡಿ ದರದ ಚೀಟಿ ಬರೆದು ಫೋನಿನ ಹಿಂದೆ ಅಂಟಿಸಿಕೊಂಡಿದ್ದೇನೆ. ಕೊನೆಯದಾಗಿ, ಇದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಷ್ಟು ದಿನಕ್ಕೆ ಗೊತ್ತಾಗುತ್ತದೆ?

ಲೆಕ್ಕದ ಪುಸ್ತಕ

ದಿನ ಎಣಿಸಬೇಡಿ, ಕೊಟೇಷನ್ ಎಣಿಸಿ. ಇಪ್ಪತ್ತು ಆಗುವವರೆಗೆ ಏನೂ ಬದಲಿಸಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬರೂ ಮೊದಲು ಯಾವುದನ್ನು ಕೇಳಿದರು, ಕೊನೆಗೆ ಯಾವುದನ್ನು ತೆಗೆದುಕೊಂಡರು, ಏನನ್ನು ಸೇರಿಸಿ ಎಂದರು, ಈ ಮೂರನ್ನು ಬರೆಯಿರಿ. ಸಣ್ಣದಕ್ಕೆ ಒಂದೇ ವಸ್ತುವನ್ನು ಮತ್ತೆ ಮತ್ತೆ ಸೇರಿಸಿ ಅನ್ನುತ್ತಿದ್ದರೆ ಗೆರೆ ಅಲ್ಲಿ ತಪ್ಪಿದೆ, ಇಲ್ಲವೇ ಆ ವಸ್ತುವಿನ ಬಿಡಿ ದರ ಕಡಿಮೆಯಾಗಿದೆ. ದೊಡ್ಡದರ ಬಗ್ಗೆ ಇಪ್ಪತ್ತರಲ್ಲಿ ಒಬ್ಬರೂ ಒಂದು ಪ್ರಶ್ನೆ ಕೂಡ ಕೇಳದಿದ್ದರೆ ಅದು ನಿಮ್ಮ ಊರಿಗೆ ದೂರವಾಗಿದೆ, ಡ್ರೋನ್ ಮತ್ತು ಪ್ರಿ-ವೆಡ್ಡಿಂಗ್‌ನಲ್ಲಿ ಒಂದನ್ನು ತೆಗೆದು ಕೆಳಗೆ ತನ್ನಿ. ಎಲ್ಲರೂ ನಡುವಿನದನ್ನು ಚೌಕಾಸಿಯಿಲ್ಲದೆ ಒಪ್ಪಿದರೆ ಅದರ ಬೆಲೆ ಕಡಿಮೆಯಾಯಿತು.

ತುಂಗಾತೀರ

52,000ದ ಪಟ್ಟಿಯನ್ನು ನಾನು ಈ ಕಾರ್ತಿಕದಿಂದ ಹಾಕುತ್ತೇನೆ. ಹಾಸನದವರು 38,000ದ್ದು ಹಾಕಿ. ಇಬ್ಬರ ನೋಟ್‌ಬುಕ್ಕೂ ಮಾಘದ ಮದುವೆಗಳು ಮುಗಿದ ಮೇಲೆ ಇಲ್ಲೇ ಹಾಕೋಣ.